ಟೇಕ್ ಹೋಮ್ ಪೇಪರ್ ತುಂಬಿಸಿ ಕೊಡಿ ಅಂದರೆ ಎಲ್ಲಿಯವರೆಗೆ ಹೇಳಿಕೊಡಬಹುದು?

ಪ್ರಶ್ನೆ (ಬಿ.ಕಾಂ. ವಿದ್ಯಾರ್ಥಿನಿ, ಸೋಮವಾರಪೇಟೆ ಕಡೆ): ಮೇಡಂ, ನಮ್ಮ ಸ್ಟಾಟಿಸ್ಟಿಕ್ಸ್ ಟೇಕ್ ಹೋಮ್ ಟೆಸ್ಟ್ ಪಿಡಿಎಫ್ ಹಾಕಿದ್ದೀನಿ. 6 ಪ್ರಶ್ನೆ, 20 ಮಾರ್ಕ್ಸು, ಇಂಟರ್ನಲ್‌ಗೆ ಸೇರತ್ತೆ. ಎಲ್ಲಕ್ಕೂ ಉತ್ತರ ತುಂಬಿಸಿ ಕೊಡ್ತೀರಾ? ನಾಳೆ ಸಂಜೆ 5ಕ್ಕೆ ಕೊಡ್ಬೇಕು. ಮಳೆಗೆ ಮರ ಬಿದ್ದು ಕರೆಂಟ್ ಇಲ್ಲ, ಸ್ಟ್ಯಾಂಡರ್ಡ್ ಡೀವಿಯೇಷನ್, ಅದೇ ಎಸ್‌ಡಿ ಲೆಕ್ಕ ಅಂತೂ ತಲೆಗೇ ಹೋಗ್ತಿಲ್ಲ.

ಸಂಖ್ಯಾಶಾಸ್ತ್ರ ಉಪನ್ಯಾಸಕಿ, ವಿರಾಜಪೇಟೆ: ಮೊದಲು ಆ ಪಿಡಿಎಫ್ ಅಳಿಸಮ್ಮ. ಬಲಗಡೆ ಮೂಲೆಯಲ್ಲಿ ನಿನ್ನ ಹೆಸರು, ರೋಲ್ ನಂಬರ್ ಎರಡೂ ಕಾಣ್ತಿವೆ. ಪೇಪರ್ ಕೊಡುವ ಗಡುವು ಇನ್ನೂ ಮುಗಿದಿಲ್ಲ, ನಿನ್ನ ಕ್ಲಾಸಿನವರು ಈ ಆನ್‌ಲೈನ್ ಗುಂಪಲ್ಲಿ ಇದ್ದರೆ ಇಲ್ಲಿ ಬರೆದ ಉತ್ತರ ಎಲ್ಲರ ಕೈಗೂ ಹೋಗತ್ತೆ.

ತುಂಬಿಸಿ ಕೊಡೋದಿಲ್ಲ. ನಿನ್ನ ಮೇಷ್ಟ್ರು ಮೊದಲ ಪುಟದಲ್ಲೇ ಮೂರು ಸಾಲು ಬರೆದಿದ್ದಾರೆ: ಪುಸ್ತಕ, ನೋಟ್ಸ್ ನೋಡಬಹುದು, ವಿಧಾನವನ್ನು ಬೇರೆಯವರ ಹತ್ರ ಚರ್ಚಿಸಬಹುದು, ಉತ್ತರ ಸ್ವಂತದ್ದಾಗಿರಬೇಕು, ಯಾರ ನೆರವು ಪಡೆದಿರಿ ಅಂತ ಕೊನೆಯಲ್ಲಿ ಬರೀಬೇಕು. ಹಾಗಾಗಿ ಗೆರೆ ಎಲ್ಲಿದೆ ಅಂತ ನಾವು ಊಹಿಸುವ ಕಷ್ಟವಿಲ್ಲ. ವಿಧಾನ ಹೇಳಿಕೊಡಬಹುದು. ನಿನ್ನ ಅಂಕಿಗಳ ಮೇಲೆ ಅದನ್ನು ನಾನು ಮಾಡಿದರೆ ಗೆರೆ ದಾಟಿದ ಹಾಗೆ, ನೀನು ನನ್ನ ಉತ್ತರವನ್ನು ನಿನ್ನ ಅಕ್ಷರದಲ್ಲಿ ಬರೆದುಕೊಂಡರೂ ಅಷ್ಟೇ.

ಮೂರನೇ ಪ್ರಶ್ನೆಯದೇ ಜಾತಿಯ ಲೆಕ್ಕವನ್ನು ಬೇರೆ ಅಂಕಿಯಲ್ಲಿ ಮಾಡಿ ತೋರಿಸ್ತೀನಿ. ಕರಿಮೆಣಸು ಬೆಳೆದ ಐದು ತುಂಡು ಜಾಗಗಳಲ್ಲಿ ಸಿಕ್ಕ ಒಣಗಿಸಿದ ಮೆಣಸು 12, 15, 11, 18, 14 ಕೆ.ಜಿ. ಅಂತ ಇಟ್ಟುಕೋ. ಕೂಡಿದರೆ 70, ಐದರಿಂದ ಭಾಗಿಸಿದರೆ ಸರಾಸರಿ 14. ಈಗ ಪ್ರತಿ ಅಂಕಿಯಿಂದ 14 ಕಳೆ: −2, 1, −3, 4, 0. ಇವುಗಳನ್ನು ಕೂಡಿದರೆ ಸೊನ್ನೆ ಬರಲೇಬೇಕು. ಬರದಿದ್ದರೆ ಅಲ್ಲೇ ನಿಲ್ಲಿಸಿ ಹಿಂದಕ್ಕೆ ಹೋಗು, ಮುಂದಿನ ಹೆಜ್ಜೆ ಎಲ್ಲಾ ವ್ಯರ್ಥ. ಆಮೇಲೆ ವರ್ಗ: 4, 1, 9, 16, 0, ಒಟ್ಟು 30. ಐದರಿಂದ ಭಾಗಿಸಿದರೆ 6, ಅದರ ವರ್ಗಮೂಲ 2.45. ಅದೇ ಎಸ್‌ಡಿ, ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಹರಡಿವೆ ಅನ್ನೋದರ ಅಳತೆ.

ಇದನ್ನು ನೋಡಿಕೊಂಡು ನಿನ್ನ ಪೇಪರಿನ ಎಂಟು ಅಂಕಿಗಳನ್ನು ನೀನೇ ಮಾಡು. ಸರಾಸರಿ ಪೂರ್ಣಾಂಕ ಬರದಿದ್ದರೆ ಮಧ್ಯದಲ್ಲಿ ದುಂಡು ಮಾಡಬೇಡ, ಕೊನೆಯಲ್ಲಿ ಮಾತ್ರ ಎರಡು ದಶಾಂಶಕ್ಕೆ ತಂದುಕೋ. ಮೊದಲೇ ದುಂಡು ಮಾಡಿದರೆ ಆ ಸೊನ್ನೆಯ ಪರೀಕ್ಷೆಯೂ ಕೈಕೊಡತ್ತೆ.

ಡಿಗ್ರಿ ಮುಗಿಸಿದವರು, ಕುಶಾಲನಗರ: ಮೇಡಂ, ಇಷ್ಟು ಬಿಗಿ ಯಾಕೆ? ಯುಜಿಸಿ ರೂಲ್ಸ್ ಪ್ರಕಾರ 10% ತನಕ ಕಾಪಿ ಓಕೆ. 6 ಪ್ರಶ್ನೇಲಿ ಒಂದೆರಡು ಯಾರಾದ್ರೂ ಮಾಡಿಕೊಟ್ರೆ ಏನೂ ಆಗಲ್ಲ. ಜೊತೆಗೆ ಎಸ್‌ಡಿಗೆ 5 ಅಲ್ಲ, 4ರಿಂದ ಭಾಗಿಸ್ಬೇಕು, ಎಕ್ಸೆಲ್ ಹಾಗೇ ಕೊಡತ್ತೆ.

ಉಪನ್ಯಾಸಕಿ, ವಿರಾಜಪೇಟೆ: 10% ಅನ್ನೋ ಅಂಕಿ 2018ರ ಯುಜಿಸಿ ನಿಯಮಗಳಲ್ಲಿ ಇರೋದು ನಿಜ. ಆದರೆ ಅವು ಸ್ನಾತಕೋತ್ತರ ಮತ್ತು ಸಂಶೋಧನಾ ಮಟ್ಟದ ಪ್ರಬಂಧ, ಥೀಸಿಸ್, ಪ್ರಕಟವಾಗುವ ಲೇಖನಗಳಿಗೆ. ಅಸೈನ್‌ಮೆಂಟ್, ಟರ್ಮ್ ಪೇಪರ್, ಉತ್ತರಪತ್ರಿಕೆಗಳನ್ನು ಆ ನಿಯಮವೇ ಹೊರಗಿಟ್ಟಿದೆ. ಅಲ್ಲದೆ ಅಲ್ಲಿ ಅಳೆಯೋದು ಬರಹದ ಹೋಲಿಕೆಯನ್ನು. ಆರರಲ್ಲಿ ಒಂದು ಪ್ರಶ್ನೆ ಬೇರೆಯವರಿಂದ ಬರೆಸಿಕೊಳ್ಳೋಕೆ ಅದು ಅನುಮತಿ ಅಲ್ಲ. ಈ ಹುಡುಗಿಗೆ ಅನ್ವಯಿಸೋದು ಕಾಲೇಜಿನ ನಿಯಮ ಮತ್ತು ಪೇಪರಿನ ಮೇಲಿನ ಆ ಮೂರು ಸಾಲು.

ನಿಮ್ಮ ಎರಡನೇ ಮಾತು ಅರ್ಧ ಸರಿ. ಎಕ್ಸೆಲ್‌ನಲ್ಲಿ ಎರಡೂ ಇವೆ:

```
=STDEV.P(A1:A5)
=STDEV.S(A1:A5)
```

ಮೊದಲನೆಯದು 5ರಿಂದ ಭಾಗಿಸಿ 2.45 ಕೊಡತ್ತೆ, ಎರಡನೆಯದು 4ರಿಂದ ಭಾಗಿಸಿ 2.74. ಕೈಲಿರುವ ಐದು ಜಾಗಗಳ ಬಗ್ಗೆ ಮಾತ್ರ ಹೇಳೋದಾದರೆ ಮೊದಲನೆಯದು. ಇವು ದೊಡ್ಡ ತೋಟದ ಮಾದರಿ, ಇಡೀ ತೋಟದ ಏರುಪೇರು ಅಂದಾಜು ಮಾಡ್ಬೇಕು ಅಂದರೆ ಎರಡನೆಯದು. ಇವಳ ಪ್ರಶ್ನೆಯಲ್ಲಿ ‘ಈ ಎಂಟು ತೋಟಗಳ’ ಅಂತಲೇ ಇದೆ. ಕ್ಲಾಸಲ್ಲಿ ಯಾವುದು ಮಾಡಿಸಿದ್ದಾರೆ ಅಂತಲೂ ನೋಟ್ಸ್ ನೋಡಿಕೊಳ್ಳಲಿ.

ಸಿಕ್ಕಿಬೀಳೋದೂ ಇಲ್ಲೇ. ಕ್ಲಾಸಲ್ಲಿ ಅಂಕಿಗಳ ಸಂಖ್ಯೆ, ಅಂದರೆ `n`ನಿಂದ ಭಾಗಿಸೋಕೆ ಹೇಳಿಕೊಟ್ಟಿದ್ದಾಗ ಒಬ್ಬರ ಉತ್ತರದಲ್ಲಿ ಕಾರಣವಿಲ್ಲದೆ `n - 1` ಬಂದರೆ ಮೇಷ್ಟ್ರು ಕರೆದು ‘ಎಂಟು ಅಂಕಿ ಇರುವಾಗ ಏಳರಿಂದ ಯಾಕೆ ಭಾಗಿಸಿದೆ?’ ಅಂತ ಒಂದೇ ಮಾತು ಕೇಳ್ತಾರೆ. ಸ್ವಂತ ಮಾಡಿದವರು ತಪ್ಪೋ ಸರಿಯೋ ಒಂದು ಕಾರಣ ಹೇಳ್ತಾರೆ.

ಪ್ರಶ್ನೆ ಕೇಳಿದವಳು: ಮೇಡಂ ಪಿಡಿಎಫ್ ಅಳಿಸಿದೆ. ಮೆಣಸಿನ ಲೆಕ್ಕ ನಾನೂ ಮಾಡಿ ನೋಡಿದೆ, ಸರಾಸರಿ 13, ಎಸ್‌ಡಿ 1.41 ಬಂತು. ಮೈನಸ್ ಪ್ಲಸ್ ಕೂಡಿದ್ರೆ ಸೊನ್ನೇನೇ ಬಂತು, ಆದ್ರೂ ನಿಮ್ಮ ಉತ್ತರ ಬರ್ತಿಲ್ಲ.

ಉಪನ್ಯಾಸಕಿ, ವಿರಾಜಪೇಟೆ: 18 ಅನ್ನು 13 ಅಂತ ಬರೆದುಕೊಂಡಿದ್ದೀಯ. ಆಗ ಮೊತ್ತ 65, ಸರಾಸರಿ 13, ವರ್ಗಗಳ ಮೊತ್ತ 10, ಎಸ್‌ಡಿ 1.41. ಸೊನ್ನೆಯ ಪರೀಕ್ಷೆ ಕಳೆಯೋದರಲ್ಲಿ ಆದ ತಪ್ಪು ಹಿಡಿಯತ್ತೆ, ಅಂಕಿ ಇಳಿಸಿಕೊಳ್ಳುವಾಗ ಆದ ತಪ್ಪನ್ನು ಹಿಡಿಯಲ್ಲ. ಅದಕ್ಕೆ ಪ್ರಶ್ನೆಯ ಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಅಂಕಿ ಮತ್ತೆ ತಾಳೆ ನೋಡ್ಬೇಕು.

ಇಂಥ ತಪ್ಪನ್ನು ಉಳಿದವರೂ ಗಮನಿಸಿ. ಮಸುಕು ಫೋಟೋ ನೋಡಿ ಯಾರೋ ಒಬ್ಬರು ಹೀಗೆ 13 ಅಂತ ಓದಿ ಉತ್ತರ ಬರೆದು ಹಂಚಿದರೆ ನಾಲ್ಕು ಪೇಪರಲ್ಲಿ 1.41 ಬರತ್ತೆ. ಸರಿ ಉತ್ತರ ನಲವತ್ತು ಜನರ ಪೇಪರಲ್ಲೂ ಒಂದೇ ಆಗಿದ್ದರೆ ಯಾರಿಗೂ ಅನುಮಾನ ಬರಲ್ಲ. ಇಂಥ ವಿಚಿತ್ರ ತಪ್ಪು ಎರಡು ಪೇಪರಲ್ಲಿ ಕಂಡರೆ ಸಾಕು, ಎಲ್ಲಿಂದ ಬಂತು ಅಂತ ಹುಡುಕ್ತಾರೆ.

ಕಾಫಿ ಬೆಳೆಗಾರರು, ಸಿದ್ದಾಪುರ: ನನಗೊಂದು ಅರ್ಥ ಆಗಲಿಲ್ಲ ತಾಯಿ. ನಮ್ಮ ತೋಟದ ಲೆಕ್ಕ, ಟ್ಯಾಕ್ಸ್ ರಿಟರ್ನ್ ಎಲ್ಲಾ ಆಡಿಟರೇ ತುಂಬಿಸ್ತಾರೆ, ನಾನು ಸೈನ್ ಹಾಕ್ತೀನಿ. ಅದು ಮೋಸ ಅಲ್ಲ ಅಂದ್ಮೇಲೆ ಆ ಮಗು ಗೊತ್ತಿರೋರ ಹತ್ರ ತುಂಬಿಸಿಕೊಂಡ್ರೆ ಹೇಗೆ ಮೋಸ? ಹಾಗೇ, ನಮ್ಮ ಎರಡು ತೋಟದಲ್ಲಿ ಯಾವುದರ ಮೆಣಸು ನೆಚ್ಚಿಕೊಳ್ಳಬಹುದು ಅಂತಲೂ ಈ ಎಸ್‌ಡಿಲಿ ಗೊತ್ತಾಗತ್ತಾ?

ಉಪನ್ಯಾಸಕಿ, ವಿರಾಜಪೇಟೆ: ಸರ್, ರಿಟರ್ನ್‌ನಲ್ಲಿ ಇಲಾಖೆಗೆ ಬೇಕಾಗಿರೋದು ನಿಮ್ಮ ಆದಾಯದ ಸರಿಯಾದ ಅಂಕಿ. ನಿಮಗೆ ಲೆಕ್ಕ ಬರತ್ತಾ ಅಂತ ಅವರು ನೋಡ್ತಿಲ್ಲ. ಇಲ್ಲಿ ಮೇಷ್ಟ್ರಿಗೆ ಉತ್ತರದ ಅಂಕಿ ಬೇಕಾಗಿಲ್ಲ, ಅದು ಅವರ ಹತ್ರ ಮೊದಲೇ ಇದೆ. ಅದನ್ನು ಈ ಹುಡುಗಿ ಮಾಡಬಲ್ಲಳಾ ಅನ್ನೋದಕ್ಕೆ 20 ಮಾರ್ಕ್ಸು. ನಾನು ತುಂಬಿಸಿಕೊಟ್ಟರೆ ಆ ಮಾರ್ಕ್ಸು ನನ್ನ ಲೆಕ್ಕಕ್ಕೆ ಬಂದ ಹಾಗಾಯ್ತು.

ನಿಮ್ಮ ಎರಡನೇ ಪ್ರಶ್ನೆಗೆ ಎಸ್‌ಡಿ ಒಂದೇ ಸಾಲದು, ಅದನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿ. ಮೇಲಿನ ಲೆಕ್ಕದಲ್ಲಿ 2.45 ಭಾಗ 14, ಅಂದರೆ 17.5%. ಇನ್ನೊಂದು ಕಡೆ ಸರಾಸರಿ 40 ಕೆ.ಜಿ., ಎಸ್‌ಡಿ 4 ಇದ್ದರೆ 10% ಮಾತ್ರ. ಎಸ್‌ಡಿ ಹೆಚ್ಚಿದ್ದರೂ ಏರುಪೇರು ಕಡಿಮೆ ಇರೋದು ಎರಡನೇ ಕಡೆ. ನಿಮ್ಮ ತೋಟದ ಅಂಕಿ ಕಳಿಸಿ, ಪೂರ್ತಿ ಮಾಡಿಕೊಡ್ತೀನಿ. ಅದು ಪರೀಕ್ಷೆ ಅಲ್ಲ.

ಪಿಯು ಉಪನ್ಯಾಸಕರು, ಮಡಿಕೇರಿ: ಮೇಡಂ ಹೇಳಿದ್ದು ಈ ಪೇಪರಿಗೆ ಸರಿ. ಆದರೆ ಇದನ್ನೇ ಎಲ್ಲಾ ಕಡೆ ಹಿಡಿಯಬೇಡಿ. ಕೆಲವು ಪೇಪರಲ್ಲಿ ‘ಬೇರೆ ಯಾವ ವ್ಯಕ್ತಿಯ ಸಹಾಯವೂ ಇಲ್ಲ’ ಅಂತ ಇರತ್ತೆ. ಆಗ ಬೇರೆ ಅಂಕಿಯಲ್ಲಿ ಮಾಡಿ ತೋರಿಸೋದೂ ಸಲ್ಲದು, ಪುಸ್ತಕದಲ್ಲಿರುವ ಮಾದರಿ ಲೆಕ್ಕವೇ ಗತಿ. ಏನೂ ಬರೆದಿಲ್ಲ ಅಂದರೆ ನಾನಂತೂ ಸಹಾಯ ಇಲ್ಲ ಅಂತಲೇ ತಿಳಿಯಿರಿ ಅಂತೀನಿ.

ಉಪನ್ಯಾಸಕಿ, ವಿರಾಜಪೇಟೆ: ಮೊದಲನೇ ಮಾತು ಒಪ್ಪಿದೆ ಸರ್. ಏನೂ ಬರೆಯದಿದ್ದರೆ ಅನ್ನೋದು ಮಾತ್ರ ಒಪ್ಪಲಾರೆ. ಮನೆಗೆ ಕೊಟ್ಟು ಕಳಿಸಿದ ಮೇಲೆ ಅಕ್ಕನನ್ನೋ ಅಪ್ಪನನ್ನೋ ಸೂತ್ರ ಕೇಳೋದು ಸಹಜ, ಅದನ್ನು ಬೇಡ ಅನ್ನೋದಾದರೆ ಪೇಪರ್ ಕೊಡುವವರೇ ಬರೀಬೇಕು.

ಪಿಯು ಉಪನ್ಯಾಸಕರು, ಮಡಿಕೇರಿ: ಅಕ್ಕ, ಅಪ್ಪ ಓದಿದವರಾಗಿದ್ದರೆ ಅನುಕೂಲ. ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಮಕ್ಕಳಿಗೆ ಕೇಳೋಕೆ ಯಾರಿರ್ತಾರೆ ಮೇಡಂ? ಅದಕ್ಕೇ ನಾನು ಬೇಡ ಅನ್ನೋದು. ಅನುಮಾನ ಇದ್ದರೆ ಮೇಷ್ಟ್ರಿಗೇ ಒಂದು ಮೆಸೇಜ್ ಹಾಕಿ ಕೇಳಲಿ.

ಪ್ರಶ್ನೆ ಕೇಳಿದವಳು: ಮೂರನೇದು ಬಂತು ಮೇಡಂ, ಸೊನ್ನೇನೂ ಬಂತು, ಅಂಕಿ ಎಲ್ಲಾ ಎರಡು ಸಲ ತಾಳೆ ನೋಡಿದೆ. ಇಲ್ಲಿ ಫೋಟೋ ಹಾಕ್ಲಾ, ಸರಿ ಇದ್ಯಾ ಹೇಳ್ತೀರಾ? ಇನ್ನೂ ಮೂರು ಪ್ರಶ್ನೆ ಬಾಕಿ. ಫೋನ್ ಚಾರ್ಜ್ 20% ಇದೆ. ಕೊನೇಲಿ ನೆರವು ಪಡೆದವರು ಅಂತ ಏನು ಬರೀಲಿ?

ಉಪನ್ಯಾಸಕಿ, ವಿರಾಜಪೇಟೆ: ಫೋಟೋ ಬೇಡ. ನಿನ್ನ ಉತ್ತರಕ್ಕೆ ನಾನು ಸರಿ, ತಪ್ಪು ಅಂದರೆ ಮೇಷ್ಟ್ರು ಮಾಡುವ ಕೆಲಸ ನಾನು ಮೊದಲೇ ಮಾಡಿದ ಹಾಗೆ.

ಇರುವ ಚಾರ್ಜಿನಲ್ಲಿ ಮೊದಲು ಮೇಷ್ಟ್ರಿಗೆ ಮೆಸೇಜ್ ಕಳಿಸು, ಗಡುವಿಗೆ ಮುಂಚೆ ಹೋಗಿದ್ದಕ್ಕೆ ಬೆಲೆ ಇದೆ. ಹೀಗೆ ಬರಿ: ‘ಸರ್, ನಮ್ಮೂರಿನಲ್ಲಿ ಇಂಥ ದಿನದಿಂದ ಕರೆಂಟ್ ಇಲ್ಲ. ಆರರಲ್ಲಿ ಮೂರು ಪ್ರಶ್ನೆ ಮುಗಿಸಿದ್ದೇನೆ. ನಾಡಿದ್ದು ಬೆಳಿಗ್ಗೆ 10ಕ್ಕೆ ಕಾಲೇಜಿಗೇ ತಂದು ಕೊಡಲು ಅವಕಾಶ ಕೊಡಬೇಕು.’ ದಿನ ಸರಿಯಾಗಿ ಹಾಕು. ಎಷ್ಟು ಮುಗಿದಿದೆ ಅಂತ ಹೇಳಿ, ಯಾವಾಗ ಕೊಡ್ತೀನಿ ಅಂತ ನೀನೇ ಹೊತ್ತು ಹೇಳಿದರೆ ಅವರಿಗೆ ಒಪ್ಪೋದು ಸುಲಭ. ಒಪ್ಪದಿದ್ದರೆ ನಾಳೆ 5ರೊಳಗೆ ಆದಷ್ಟು ಕೊಡು. ಬಾರದ ಲೆಕ್ಕದಲ್ಲೂ ಸೂತ್ರ ಬರೆದು, ಅಂಕಿ ಹಾಕಿ, ಎಲ್ಲಿ ನಿಂತಿತೋ ಅಲ್ಲಿಗೆ ಬಿಡು. ಹೆಜ್ಜೆಗೆ ಮಾರ್ಕ್ಸು ಕೊಡೋರು ಬಹಳ ಜನ ಇದ್ದಾರೆ.

ಕೊನೆಯ ಸಾಲು ಹೀಗಿರಲಿ: ‘ಮೂರನೇ ಪ್ರಶ್ನೆಯ ವಿಧಾನವನ್ನು ಬೇರೆ ಅಂಕಿಗಳ ಮಾದರಿ ಲೆಕ್ಕದ ಮೂಲಕ ಆನ್‌ಲೈನ್ ಗುಂಪೊಂದರಲ್ಲಿ ಉಪನ್ಯಾಸಕಿಯೊಬ್ಬರಿಂದ ತಿಳಿದುಕೊಂಡೆ. ಈ ಪೇಪರಿನ ಲೆಕ್ಕ ನಾನೇ ಮಾಡಿದ್ದು.’ ಪೇಪರ್ ಗುಂಪಿಗೆ ಹಾಕಿ ಆಮೇಲೆ ಅಳಿಸಿದ್ದನ್ನೂ ಅದರ ಕೆಳಗೆ ಬರಿ. ಬೇರೆಯವರಿಂದ ಗೊತ್ತಾಗೋದಕ್ಕಿಂತ ನೀನೇ ಹೇಳಿರೋದು ಮೇಲು.

ಪ್ರಶ್ನೆ ಕೇಳಿದವಳು: ಸರಿ ಮೇಡಂ, ಮೆಸೇಜ್ ಕಳಿಸ್ತಿದ್ದೀನಿ.