ಗಾರ್ಮೆಂಟ್ಸ್ ಮುಚ್ಚಿತು, ಅಂಗಡಿ ಗಲ್ಲಾ ಯಾಕೆ ಖಾಲಿ? ಎಕನಾಮಿಕ್ಸ್ ಮೇಡಂಗೆ ಪ್ರಶ್ನೆಗಳು

ಕಿರಾಣಿ ಅಂಗಡಿ: ಮೇಡಂ ನಮಸ್ಕಾರ. ನಮ್ಮೂರ ಬೈಪಾಸ್ ಹತ್ರ ಇದ್ದ ಗಾರ್ಮೆಂಟ್ಸ್ ಮುಚ್ಚಿ ನಾಲ್ಕು ತಿಂಗಳಾಯ್ತು, ಸುಮಾರು 300 ಜನ ಕೆಲಸಕ್ಕಿದ್ರು. ನನ್ನ ಗಿರಾಕಿಗಳಲ್ಲಿ ಅಲ್ಲಿಯವರು ಕಾಲು ಭಾಗನೂ ಇರ್ಲಿಲ್ಲ, ಆದ್ರೆ ವ್ಯಾಪಾರ 6 ಲಕ್ಷದಿಂದ 3 ಲಕ್ಷ 60 ಸಾವಿರಕ್ಕೆ ಇಳಿದಿದೆ. ಇದು ಹೇಗೆ? ದುಡ್ಡು ಓಡಾಡ್ತಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ಉದ್ರಿ ಕೊಡ್ತಾ ಇದೀನಿ, 5 ಲಕ್ಷ ಲೋನ್ ತಗೊಂಡು ಮಾಲು ತುಂಬಿಸೋಣ ಅಂತಿದೀನಿ.

ರಿಟೈರ್ಡ್ ಮೇಷ್ಟ್ರು: ಇದಕ್ಕೆ ಒಳ್ಳೆ ಕಥೆ ಇದೆ, ಫಾರ್ವರ್ಡ್ ಮಾಡ್ತೀನಿ. ಟೂರಿಸ್ಟ್ ಒಬ್ಬ ಲಾಡ್ಜ್ ಕೌಂಟರಲ್ಲಿ 500 ನೋಟು ಇಟ್ಟು ರೂಮ್ ನೋಡಕ್ಕೆ ಮೇಲೆ ಹೋದ. ಓನರ್ ಅದನ್ನ ತಗೊಂಡೋಗಿ ಮಟನ್ ಅಂಗಡಿ ಸಾಲ ತೀರಿಸಿದ, ಅವನು ಕುರಿಯವನಿಗೆ, ಕುರಿಯವನು ಹಿಂಡಿ ಅಂಗಡಿಗೆ, ಅವನು ವಾಪಸ್ ಲಾಡ್ಜ್‌ಗೆ. ಟೂರಿಸ್ಟ್ ರೂಮ್ ಬೇಡ ಅಂತ ನೋಟು ಎತ್ಕೊಂಡು ಹೋದ. ಎಲ್ಲರ ಸಾಲನೂ ತೀರಿತು!! ಇದೇ ಮಲ್ಟಿಪ್ಲೈಯರ್.

ಎಕನಾಮಿಕ್ಸ್ ಮೇಡಂ: ಮೇಷ್ಟ್ರೇ, ಅದು ಮಲ್ಟಿಪ್ಲೈಯರ್ ಅಲ್ಲ. ಒಬ್ಬರ ಖರ್ಚು ಇನ್ನೊಬ್ಬರ ಆದಾಯ ಆಗಿ, ಅವರು ಖರ್ಚು ಮಾಡಿದ್ದು ಮತ್ತೊಬ್ಬರ ಆದಾಯ ಆಗಿ, ಕೊನೆಗೆ ಒಟ್ಟು ಆದಾಯ ಮೊದಲ ದುಡ್ಡಿನ ಎಷ್ಟು ಪಟ್ಟು ಆಯ್ತು ಅನ್ನೋದು ಮಲ್ಟಿಪ್ಲೈಯರ್. ಆ ಕಥೇಲಿ ಯಾರೂ ಆವತ್ತು ಏನೂ ದುಡೀಲಿಲ್ಲ, ಯಾರಿಗೂ ಹೊಸ ಆದಾಯ ಹುಟ್ಟಲಿಲ್ಲ. ನಾಲ್ಕು ಜನ ಒಬ್ಬರಿಗೊಬ್ಬರು ಅಷ್ಟೇ ಮೊತ್ತ ಕೊಡ್ಬೇಕಿತ್ತು, ವಜಾ ಆಯ್ತು. ನೋಟು ಇಲ್ದೇನೂ ನಾಲ್ಕು ಜನ ಕೂತು ಮಾತಾಡಿದ್ರೆ ವಜಾ ಆಗ್ತಿತ್ತು.

ಅಂಗಡಿಯವರೇ, ನೀವು ದಯವಿಟ್ಟು ಲೋನ್ ಪೇಪರಿಗೆ ಇನ್ನೂ ಸೈನ್ ಹಾಕ್ಬೇಡಿ, ಪೂರ್ತಿ ಓದಿ. ಒಬ್ಬ ಹೆಲ್ಪರ್‌ನ ಕೈಗೆ 12,000 ಸಂಬಳ ಬರ್ತಿತ್ತು ಅಂತ ಇಟ್ಕೊಳ್ಳಿ, ನಾನು ಅಂದಾಜಲ್ಲಿ ಹೇಳ್ತೀನಿ, ಇದ್ರಲ್ಲಿ ಊರಿಗೆ ಅಪ್ಪ ಅಮ್ಮಂಗೆ 3,000, ಮೊಬೈಲ್ ಇಎಂಐ ರೀಚಾರ್ಜು 1,500, ಮನೆ ಬಾಡಿಗೆ 2,500, ದಿನಸಿ 3,000, ತರಕಾರಿ ಹೋಟ್ಲು ಆಟೋ ಟೈಲರ್ ಎಲ್ಲಾ ಸೇರಿ 2,000. ಈಗ ಇದ್ರಲ್ಲಿ ನಮ್ಮೂರಲ್ಲಿ ಯಾರದಾದ್ರೂ ಆದಾಯ ಆಗಿ ಉಳಿಯೋದು ಎಷ್ಟು ನೋಡಿ. ಊರಿಗೆ ಕಳಿಸಿದ್ದೂ ಇಎಂಐನೂ ನಮ್ಮೂರು ದಾಟಿ ಹೋಯ್ತು. ಬಾಡಿಗೆ 2,500 ಪೂರ್ತಿ ಉಳೀತು, ಮನೆ ಓನರ್ ಇಲ್ಲೇ ಇದ್ರೆ. ದಿನಸಿ 3,000 ನಿಮ್ಮ ಗಲ್ಲಾಕ್ಕೆ ಬಂತು ನಿಜ, ಆದ್ರೆ ಎಣ್ಣೆ, ಸೋಪು, ಬಿಸ್ಕತ್ತು ಯಾವುದೂ ಇಲ್ಲಿ ಆಗಿದ್ದಲ್ಲ, ನೂರರಲ್ಲಿ 88 ಡಿಸ್ಟ್ರಿಬ್ಯೂಟರ್ ಮೂಲಕ ಹೊರಗೆ ಹೋಯ್ತು, ನಿಮಗೆ ಉಳಿದಿದ್ದು 12ರ ಲೆಕ್ಕದಲ್ಲಿ 360. ಕೊನೆಯ 2,000ದಲ್ಲಿ ಒಂದು 800 ಉಳೀತು ಅನ್ನಿ. ಒಟ್ಟು 3,660, ಅಂದ್ರೆ ನೂರಕ್ಕೆ 30 ರೂಪಾಯಿ.

300 ಜನಕ್ಕೆ ತಿಂಗಳಿಗೆ 36 ಲಕ್ಷ ಸಂಬಳ. ಅದು ಖರ್ಚಾದಾಗ ಊರಿನವರಿಗೆ ಸುಮಾರು 11 ಲಕ್ಷ ಆದಾಯ. ಆ 11 ಲಕ್ಷ ಸಿಕ್ಕಿದವರು, ಅಂದ್ರೆ ಬಾಡಿಗೆ ಮನೆಯವರು, ಆಟೋದವರು, ನೀವು, ನೀವೂ ಖರ್ಚು ಮಾಡ್ತೀರಲ್ಲ, ಅದ್ರಲ್ಲಿ ಮತ್ತೆ 30 ಭಾಗ ಉಳೀತು ಅಂದ್ರೆ 3.3 ಲಕ್ಷ, ಆಮೇಲೆ 1 ಲಕ್ಷ, ಆಮೇಲೆ ಇಂಗಿ ಹೋಗುತ್ತೆ. ಎಲ್ಲಾ ಕೂಡಿದ್ರೆ ಸಂಬಳದ ಮೇಲೆ ಇನ್ನೊಂದು 15.7 ಲಕ್ಷ. ಫ್ಯಾಕ್ಟರಿ ಬಾಗಿಲು ಹಾಕಿದಾಗ 36 ಲಕ್ಷ ಮಾತ್ರ ಹೋಗ್ಲಿಲ್ಲ, ಹತ್ರ ಹತ್ರ 52 ಲಕ್ಷ ಹೋಯ್ತು. ನಿಮ್ಮ ಉಳಿದ ಗಿರಾಕಿಗಳಲ್ಲಿ ಎಷ್ಟು ಜನ ಬಾಡಿಗೆ ಮನೆ ಓನರು, ಆಟೋ ಡ್ರೈವರು, ಮೆಸ್ ಇಟ್ಟವರು ಅಂತ ಎಣಿಸಿ ನೋಡಿ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಉದ್ರಿ ವಿಷಯ ಇನ್ನೊಂದು ಪೋಸ್ಟಲ್ಲಿ ಬರೀತೀನಿ, ಅದೇ ನನಗೆ ಜಾಸ್ತಿ ಭಯ ಆಗಿರೋದು.

ಸಿವಿಲ್ಸ್ ಆಸ್ಪಿರಂಟ್: ಮೇಡಂ ಇದು ತಪ್ಪಲ್ವಾ? ಬಡವರು ಬಂದ ಆದಾಯದಲ್ಲಿ 90% ಖರ್ಚು ಮಾಡ್ತಾರೆ, ಉಳಿಯೋದು 0.1, ಒಂದನ್ನ 0.1ರಿಂದ ಭಾಗಿಸಿದ್ರೆ 10. ಅಂದ್ರೆ 36 ಲಕ್ಷ 3 ಕೋಟಿ 60 ಲಕ್ಷ ಆಗ್ಬೇಕು. ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲೇ ಹೇಳಿದಾರೆ.

ಎಕನಾಮಿಕ್ಸ್ ಮೇಡಂ: ಫಾರ್ಮುಲಾ ಸರಿ, ಹಾಕಿರೋ ನಂಬರ್ ತಪ್ಪು. 90 ಖರ್ಚಾಗುತ್ತೆ ಸರಿ, ಆದ್ರೆ ಎಲ್ಲಿ ಖರ್ಚಾಗುತ್ತೆ? ಉಳಿತಾಯ ಒಂದೇ ಸೋರಿಕೆ ಅಲ್ಲ, ಟ್ಯಾಕ್ಸೂ ಸೋರಿಕೆ, ಹೊರಗಿಂದ ತರೋ ಮಾಲೂ ಸೋರಿಕೆ. ಸೋಪು ಬೇರೆ ರಾಜ್ಯದಲ್ಲಿ ಆಗಿದ್ರೆ ನಮ್ಮ ತಾಲೂಕಿಗೆ ಅದು ಹೋದ ದುಡ್ಡು, ಭಾರತಕ್ಕೆ ಹೋದ ದುಡ್ಡಲ್ಲ. ಅದಕ್ಕೆ ಇದೇ ಸಂಬಳದ ಮಲ್ಟಿಪ್ಲೈಯರ್ ನಮ್ಮ ಬೀದಿಗೆ ಒಂದು, ರಾಜ್ಯಕ್ಕೆ ಒಂದು, ದೇಶಕ್ಕೆ ಒಂದು. ಗೆರೆ ಎಲ್ಲಿ ಎಳೆದಿದೀರಿ ಅಂತ ಮೊದಲು ಹೇಳಿ ಆಮೇಲೆ ಭಾಗಿಸಿ. ಕೇನ್ಸ್‌ಗಿಂತ ಐದು ವರ್ಷ ಮೊದಲೇ, 1931ರಲ್ಲಿ, ರಿಚರ್ಡ್ ಕಾನ್ ಈ ಲೆಕ್ಕ ಬರೆದಾಗಲೂ ಸೋರಿಕೆಗಳನ್ನ ಕಳೆದೇ ಬರೆದಿದ್ದು.

ಹಾರ್ಡ್‌ವೇರ್ ಶೆಟ್ರು: ಅದಕ್ಕೇ ಕ್ಯಾಶಲ್ಲಿ ಕೊಡಿ ಅನ್ನೋದು. 100 ರೂಪಾಯಿ ನೋಟು ಲಕ್ಷ ಕೈ ಬದಲಾದ್ರೂ 100 ರೂಪಾಯೇ. ಫೋನಲ್ಲಿ ಕಳಿಸಿದ್ರೆ ಪ್ರತಿ ಸಲ ಕಮಿಷನ್ ಕಟ್ ಆಗಿ ಕೊನೆಗೆ ಸೊನ್ನೆ. ಎಲ್ಲರಿಗೂ ಶೇರ್ ಮಾಡಿ.

ಎಕನಾಮಿಕ್ಸ್ ಮೇಡಂ: ಶೇರ್ ಮಾಡ್ಬೇಡಿ. ಬ್ಯಾಂಕ್ ಅಕೌಂಟಿಂದ ಯುಪಿಐ ಮಾಡಿದ್ರೆ ಅಂಗಡಿಯವರಿಗೆ 2020ರ ಜನವರಿಯಿಂದ ಚಾರ್ಜೇ ಇಲ್ಲ. ಕೆಲವು ಕಾರ್ಡಿಗೆ ಇದೆ ನಿಜ, ಆದ್ರೆ ಅದು ಬ್ಯಾಂಕಿನವರ ಆದಾಯ ಆಗುತ್ತೆ, ಗಾಳೀಲಿ ಮಾಯ ಆಗಲ್ಲ. ನೋಟು ಎಷ್ಟು ಕೈ ಬದಲಾಯ್ತು ಅನ್ನೋದು ಲೆಕ್ಕ ಅಲ್ಲ, ಪ್ರತಿ ಕೈಲಿ ಎಷ್ಟು ಆದಾಯ ಆಗಿ ಉಳೀತು ಅನ್ನೋದು ಲೆಕ್ಕ.

ಮನೇಲೇ ಟೈಲರಿಂಗ್: ನನ್ನದೂ ಅದೇ ಕಥೆ ಮೇಡಂ, ಗಾರ್ಮೆಂಟ್ಸ್ ಹುಡುಗೀರು ಬ್ಲೌಸ್ ಕೊಡ್ತಿದ್ರು, ಈಗ ಯಾರೂ ಬರಲ್ಲ. ನನ್ನ ಗಂಡನ ಹತ್ರ 2 ಲಕ್ಷ ಇದೆ, ಈ ಮಲ್ಟಿಪ್ಲೈಯರ್‌ನಲ್ಲಿ ಹಾಕಿದ್ರೆ ಎಷ್ಟು ತಿಂಗಳಲ್ಲಿ ಡಬಲ್ ಆಗುತ್ತೆ? ಯಾವ ಬ್ಯಾಂಕು?

ಎಕನಾಮಿಕ್ಸ್ ಮೇಡಂ: ಅಮ್ಮಾ, ಇದು ಸ್ಕೀಮ್ ಅಲ್ಲ, ಎಲ್ಲೂ ದುಡ್ಡು ಹಾಕ್ಬೇಡಿ. ಡಬಲ್ ಮಾಡ್ಕೊಡ್ತೀವಿ ಅಂತ ಯಾರಾದ್ರೂ ಬಂದ್ರೆ ಮನೆ ಒಳಗೆ ಬಿಟ್ಕೋಬೇಡಿ. ನಿಮ್ಮ ಬ್ಲೌಸ್ ವಿಷಯ ಮಾತ್ರ ಮುಖ್ಯ. ಹೊಲಿಗೆ ಕೂಲಿ 250 ತಗೊಂಡ್ರೆ ದಾರ ಲೈನಿಂಗ್ ಕಳೆದು ಒಂದು 200 ನಿಮಗೆ ಉಳಿಯುತ್ತೆ, ಕಿರಾಣಿಯವರಿಗೆ 250ರಲ್ಲಿ ಉಳಿಯೋದು 30. ಹಾಗಾಗಿ ನಿಮ್ಮ ಕೆಲಸ ನಿಂತಾಗ ಊರಿಗೆ ಆಗೋ ನಷ್ಟ ಜಾಸ್ತಿ.

ಸಿವಿಲ್ಸ್ ಆಸ್ಪಿರಂಟ್: ಇದಕ್ಕೇ ಗೃಹಲಕ್ಷ್ಮಿ 2,000 ವೇಸ್ಟ್ ಅನ್ನೋದು. ದೆಹಲಿಯ ಸಂಶೋಧನಾ ಸಂಸ್ಥೆ ಎನ್‌ಐಪಿಎಫ್‌ಪಿಯ 2013ರ ಪೇಪರಲ್ಲಿ ರಸ್ತೆ ಡ್ಯಾಮ್ ಥರದ ಬಂಡವಾಳ ವೆಚ್ಚಕ್ಕೆ ಮಲ್ಟಿಪ್ಲೈಯರ್ 2.45, ಸುಮ್ನೆ ಕೊಡೋ ದುಡ್ಡಿಗೆ 0.98. ರಸ್ತೆ ಮಾಡಿ.

ಅಂಗನವಾಡಿ ಟೀಚರ್: ರಸ್ತೆ ಕಂಟ್ರಾಕ್ಟರ್ ನಮ್ಮೂರಿನವರಾ? ಜೆಸಿಬಿ ಎಲ್ಲಿಂದ ಬರುತ್ತೆ, ಸಿಮೆಂಟ್ ಎಲ್ಲಿಂದ ಬರುತ್ತೆ ಹೇಳಿ. ನಮ್ಮ ಬೀದೀಲಿ ಆ 2,000 ಬಂದ ದಿನ ಗೊತ್ತಾಗುತ್ತೆ, ತರಕಾರಿ ಗಾಡಿ ಹತ್ರ ನಿಂತು ನೋಡಿ.

ಸಿವಿಲ್ಸ್ ಆಸ್ಪಿರಂಟ್: ಟೀಚರ್ ನಾನು ಡೇಟಾ ಹೇಳ್ತಿದೀನಿ, ನೀವು ಬೀದಿ ಕಥೆ ಹೇಳ್ತಿದೀರ.

ಅಂಗನವಾಡಿ ಟೀಚರ್: ಬೀದೀಲಿ ಬದುಕೋರು ಬೀದಿ ಕಥೆನೇ ಹೇಳೋದು. ನಿಮ್ಮ ಕೋಚಿಂಗ್ ಫೀಸ್ ಯಾರ ದುಡ್ಡಲ್ಲಿ ಕಟ್ಟಿದ್ದು ಅಂತ ಕೇಳ್ಬೇಕಾಗುತ್ತೆ.

ಹಾರ್ಡ್‌ವೇರ್ ಶೆಟ್ರು: ಪಾಲಿಟಿಕ್ಸ್ ಬೇಡ. ಆದ್ರೆ ನಮ್ಮ ಟ್ಯಾಕ್ಸ್ ದುಡ್ಡು ಅದು.

ಎಕನಾಮಿಕ್ಸ್ ಮೇಡಂ: ಇಬ್ರೂ ಅರ್ಧ ಸರಿ. ಆ 0.98 ಇಡೀ ದೇಶದ ಲೆಕ್ಕ, ಒಂದು ಹಳ್ಳಿಯದ್ದಲ್ಲ. ಕೀನ್ಯಾದ ಸಿಯಾಯಾ ಪ್ರದೇಶದಲ್ಲಿ 650ಕ್ಕೂ ಹೆಚ್ಚು ಹಳ್ಳಿ ತಗೊಂಡು, 10,000ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟು ನೋಡಿದ್ರು, ಅಲ್ಲಿ ಸುತ್ತಮುತ್ತ ಮಲ್ಟಿಪ್ಲೈಯರ್ 2.5ರ ಆಸುಪಾಸು ಬಂತು, ಬೆಲೆ ಹೆಚ್ಚೇನೂ ಏರಲಿಲ್ಲ. ಅಲ್ಲಿ ಅಂಗಡಿ, ಗಿರಣಿ ಎಲ್ಲಾ ಅರ್ಧ ಹೊತ್ತು ಕೆಲಸ ಇಲ್ದೆ ಇರ್ತಿದ್ವು, ಗಿರಾಕಿ ಬಂದಾಗ ಹೆಚ್ಚು ಮಾಡೋಕೆ ಸಾಧ್ಯ ಇತ್ತು. ಆದ್ರೆ ಶೆಟ್ರ ಮಾತಲ್ಲಿ ಒಂದು ಸತ್ಯ ಇದೆ. ಕೀನ್ಯಾಕ್ಕೆ ಆ ದುಡ್ಡು ಹೊರಗಿಂದ ಬಂದಿದ್ದು. ನಮ್ಮಲ್ಲಿ ರಾಜ್ಯದೊಳಗೆ ಯಾರದೋ ಟ್ಯಾಕ್ಸಿಂದ ಬರುತ್ತೆ, ಅವರ ಖರ್ಚು ಎಷ್ಟು ಕಮ್ಮಿ ಆಯ್ತು ಅನ್ನೋದನ್ನೂ ಕಳೀಬೇಕು. ಕಳೆದ ಮೇಲೆ ಎಷ್ಟು ಉಳಿಯುತ್ತೆ ಅಂತ ಈ ಗ್ರೂಪಲ್ಲಿ ಕೂತು ತೀರ್ಮಾನ ಮಾಡೋಕಾಗಲ್ಲ. ಫೀಸ್ ವಿಷಯ ಎತ್ತಬೇಡಿ ಟೀಚರ್.

ಸೆಕೆಂಡ್ ಪಿಯು: ಮೇಡಂ ಬ್ಯಾಂಕ್ ಸಿಆರ್‌ಆರ್ ಮಲ್ಟಿಪ್ಲೈಯರೂ ಇದೂ ಒಂದೇನಾ? ನಾಳಿದ್ದು ಪ್ರಿಪರೇಟರಿ ಇದೆ ಪ್ಲೀಸ್

ಎಕನಾಮಿಕ್ಸ್ ಮೇಡಂ: ಅಂಗಡಿಯವರೇ, ಉದ್ರಿ ಪುಸ್ತಕದಲ್ಲಿ ಒಟ್ಟು ಎಷ್ಟಿದೆ? ಖರ್ಚು ಏನೇನು?

ಕಿರಾಣಿ ಅಂಗಡಿ: ಉದ್ರಿ 1 ಲಕ್ಷ 90 ಸಾವಿರ. ಬಾಡಿಗೆ 14, ಹುಡುಗನಿಗೆ 12, ಕರೆಂಟು ಗಾಡಿ ಬಾಡಿಗೆ 6 ಸಾವಿರ.

ಎಕನಾಮಿಕ್ಸ್ ಮೇಡಂ: ಹಾಗಾದ್ರೆ ಕೇಳಿ. ಮೊದಲು 6 ಲಕ್ಷಕ್ಕೆ 72,000 ಮಾರ್ಜಿನ್, ಖರ್ಚು 32,000 ಹೋಗಿ 40,000 ಮನೆಗೆ ಬರ್ತಿತ್ತು. ಈಗ 3 ಲಕ್ಷ 60 ಸಾವಿರಕ್ಕೆ ಮಾರ್ಜಿನ್ 43,200, ಖರ್ಚು ಅದೇ 32,000, ಉಳಿದಿದ್ದು 11,200. ವ್ಯಾಪಾರ 40 ಭಾಗ ಬಿದ್ರೆ ನಿಮ್ಮ ಆದಾಯ 72 ಭಾಗ ಬಿತ್ತು. ಮುಂದಿನ ಸುತ್ತಿನಲ್ಲಿ ನಿಮ್ಮ ಮನೆ ಖರ್ಚು ಕಮ್ಮಿ ಆಗಿ ಇನ್ಯಾರದೋ ಗಲ್ಲಾ ಖಾಲಿ ಆಗುತ್ತೆ, ಸರಪಳಿ ಹೋಗೋದೇ ಹೀಗೆ. ಇನ್ನು ಉದ್ರಿ. 1 ಲಕ್ಷ 90 ಸಾವಿರದ ಮಾಲಿಗೆ ನೀವು ಡಿಸ್ಟ್ರಿಬ್ಯೂಟರಿಗೆ ಈಗಾಗಲೇ 1 ಲಕ್ಷ 67 ಸಾವಿರ ನಗದು ಕೊಟ್ಟಾಗಿದೆ, ಅದು ಊರು ಬಿಟ್ಟು ಹೋಯ್ತು. ನೀವು ಉದ್ರಿ ಕೊಟ್ಟಾಗ ಊರಲ್ಲಿ ದುಡ್ಡು ಓಡಾಡ್ತಿಲ್ಲ, ನಿಮ್ಮ ಜೇಬಿಂದ ಸೀದಾ ಹೊರಗೆ ಹೋಗ್ತಿದೆ. ಹೊಸ 5 ಲಕ್ಷನೂ ಅದೇ ದಾರಿ ಹಿಡಿಯುತ್ತೆ, ಕಂತು ಮಾತ್ರ ನಿಮ್ಮ ಹತ್ರ ಉಳಿಯುತ್ತೆ. ಸೆಟ್ಲ್‌ಮೆಂಟ್ ಪಿಎಫ್ ದುಡ್ಡು ಇರೋವರೆಗೂ ಜನ ಕೊಳ್ತಾರೆ, ಅದಕ್ಕೆ ಮೊದಮೊದಲು ಗೊತ್ತಾಗಿರಲ್ಲ. ಕೆಜಿ ತಗೊಳ್ತಿದ್ದವರು ಕಾಲು ಕೆಜಿಗೆ ಬಂದಿದಾರಾ, ಬೀದೀಲಿ ಟು ಲೆಟ್ ಬೋರ್ಡ್ ಎಷ್ಟಾಗಿದೆ ನೋಡಿ. ಬೋರ್ಡ್ ಜಾಸ್ತಿ ಆಗ್ತಾನೇ ಇದ್ರೆ ಇನ್ನೂ ತಳ ಮುಟ್ಟಿಲ್ಲ. ಊರು ಬಿಟ್ಟಿರೋರ ಬಾಕಿ ಬರಲ್ಲ ಅಂತ ಬರ್ಕೊಳ್ಳಿ, ಉಳಿದೋರಿಗೆ ಮಿತಿ ಹಾಕಿ, ಬಾಡಿಗೆ ಕಮ್ಮಿ ಮಾಡಕ್ಕೆ ಓನರ್ ಹತ್ರ ಮಾತಾಡಿ.

ರಿಟೈರ್ಡ್ ಮೇಷ್ಟ್ರು: ಆದ್ರೂ ಆ ಲಾಡ್ಜ್ ಕಥೇಲಿ ಒಂದು ನೀತಿ ಇದೆ ಅಂತ ನನಗನ್ಸುತ್ತೆ.

ಎಕನಾಮಿಕ್ಸ್ ಮೇಡಂ: ಮೇಷ್ಟ್ರೇ, ಉತ್ತರ ಮೇಲೆ ಕೊಟ್ಟಿದೀನಿ.

ಸಿವಿಲ್ಸ್ ಆಸ್ಪಿರಂಟ್: ಹಾಗಾದ್ರೆ ಹೊಸ ಫ್ಯಾಕ್ಟರಿ ಬಂದ್ರೆ ಹಿಂದೆ ಇದ್ದಷ್ಟೇ ವಾಪಸ್ ಬರುತ್ತಾ?

ಸೆಕೆಂಡ್ ಪಿಯು: ಮೇಡಂ ಸಿಆರ್‌ಆರ್???

ಕಿರಾಣಿ ಅಂಗಡಿ: ಓನರ್ ಹತ್ರ ಈಗ ಮಾತಾಡ್ಕೊಂಡು ಬಂದೆ ಮೇಡಂ. ಅಂಗಡಿ ಮೇಲಿನ ಆರು ರೂಮಲ್ಲಿ ಐದು ಖಾಲಿಯಂತೆ, ಎಲ್ಲಾ ಗಾರ್ಮೆಂಟ್ಸ್ ಹುಡುಗರೇ ಇದ್ದಿದ್ದಂತೆ. "ನಿನ್ನ ಬಾಡಿಗೆ ಒಂದೇ ನನಗೆ ಉಳಿದಿರೋದು, ಅದನ್ನೂ ಹೆಂಗಪ್ಪಾ ಇಳಿಸ್ಲಿ" ಅಂದ್ರು. ನಾನೇನೂ ಹೇಳಕ್ಕಾಗ್ಲಿಲ್ಲ. ಲೋನ್ ಪೇಪರ್ ಮಾತ್ರ ವಾಪಸ್ ಕೊಟ್ಬಿಟ್ಟೆ.