ಪದಚರ್ಚೆ: ಮುಗಿದುಹೋಗುವುದನ್ನು 'ಮುಂದುವರಿದ ಭಿನ್ನರಾಶಿ' ಎನ್ನಬಹುದೇ?

ಕೇಳಿದವರು: ಗಣಿತ ಶಿಕ್ಷಕಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಎರಡು ಸಂಖ್ಯೆಗಳ ಮ.ಸಾ.ಅ. ಕಂಡುಹಿಡಿಯಲು ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಆಮೇಲೆ ಚಿಕ್ಕದನ್ನು ಶೇಷದಿಂದ ಭಾಗಿಸುತ್ತಾ ಹೋಗುತ್ತೇವಲ್ಲ, ಅದು ಮಕ್ಕಳಿಗೆ ಗೊತ್ತು. ಅಲ್ಲಿ ನಮ್ಮ ಕಣ್ಣೆಲ್ಲ ಶೇಷದ ಮೇಲೆ. ಭಾಗಲಬ್ಧಗಳನ್ನು ಯಾರೂ ಕೇಳುವುದಿಲ್ಲ. ಈ ಸಲ ಅವನ್ನೇ ಎತ್ತಿಟ್ಟುಕೊಂಡು ಪಾಠ ಮಾಡಿದೆ. ಮಂಡ್ಯದ ಮಕ್ಕಳಿಗೆ ಜಮೀನಿನ ಲೆಕ್ಕ ಬೇಗ ಹತ್ತುತ್ತದೆಂದು ಹೆಕ್ಟೇರ್ ಮತ್ತು ಎಕರೆ ತೆಗೆದುಕೊಂಡೆ. ಹೆಕ್ಟೇರಿಗೆ 10000 ಚದರ ಮೀಟರ್, ಎಕರೆಗೆ 4047.

10000 = 2 × 4047 + 1906
4047 = 2 × 1906 + 235
1906 = 8 × 235 + 26
235 = 9 × 26 + 1
26 = 26 × 1 + 0

ಭಾಗಲಬ್ಧಗಳು 2, 2, 8, 9, 26. ಅವನ್ನು ಮೇಲಿಂದ ಕೆಳಕ್ಕೆ ಪೋಣಿಸಿದರೆ:

10000/4047 = 2 + 1/(2 + 1/(8 + 1/(9 + 1/26)))

ಹಲಗೆಯ ಮೇಲೆ 'ಮುಂದುವರಿದ ಭಿನ್ನರಾಶಿ' ಎಂದು ಬರೆದೆ. ಒಬ್ಬ ಹುಡುಗ ಎದ್ದು ನಿಂತು, "ಶೇಷ ಸೊನ್ನೆ ಬಂತಲ್ಲ ಮಿಸ್, ಮುಗ್ದೋಯ್ತಲ್ಲ, ಇನ್ನೆಲ್ಲಿ ಮುಂದುವರೀತು?" ಅಂದ. ಕೇಳಿದ್ದು ಸರಿಯಾಗಿಯೇ ಇದೆ. ಶೇಷ ಪ್ರತಿ ಸಲವೂ ಭಾಜಕಕ್ಕಿಂತ ಚಿಕ್ಕದಾಗುವುದರಿಂದ, ಪೂರ್ಣ ಸಂಖ್ಯೆಗಳೆರಡರ ನಡುವೆ ಇದು ಎಂದಾದರೂ ನಿಲ್ಲಲೇಬೇಕು. ಇದಕ್ಕೆ ಒಪ್ಪುವ ಹೆಸರೇನು? ನಡುವೆ ಎಲ್ಲಾದರೂ ನಿಲ್ಲಿಸಿದಾಗ ಸಿಗುವ ಭಿನ್ನಗಳಿಗೆ ಏನನ್ನಬೇಕು?

ಕೃಷಿಕರೊಬ್ಬರು, ಮದ್ದೂರು ಕಡೆಯವರು

ಮೇಡಂ, ಇಷ್ಟುದ್ದ ಯಾಕೆ? ಹೆಕ್ಟೇರಿಗೆ ಎರಡೂವರೆ ಎಕರೆ, ನಮ್ಮಪ್ಪನ ಕಾಲದಿಂದ ಇದೇ ಲೆಕ್ಕ. ನನ್ನ ಕಷ್ಟ ಬೇರೆ. ಒಂದು ಅರ್ಜಿಗೆ ಹೆಕ್ಟೇರ್‌ನಿಂದ ಎಕರೆಗೆ ಇಳಿಸಿ ಬರೀಬೇಕಿತ್ತು, ಕ್ಯಾಲ್ಕುಲೇಟರ್ 2.47 ಅಂತು. ಬರೆದುಕೊಟ್ಟವರು ಅದನ್ನ 2 ಎಕರೆ 47 ಗುಂಟೆ ಮಾಡಿಬಿಟ್ಟರು. ಎಕರೆಗೆ ಇರೋದೇ 40 ಗುಂಟೆ! ಇದಕ್ಕೆ ಒಂದು ಪದ ಹುಡುಕಿಕೊಡಿ ಮೊದಲು.

ನಿವೃತ್ತ ಗಣಿತ ಪ್ರಾಧ್ಯಾಪಕರು, ಮೈಸೂರು

ಯಜಮಾನರೇ, ಆ 0.47 ಎಕರೆಯನ್ನು 40ರಿಂದ ಗುಣಿಸಿ. ಸುಮಾರು 19 ಗುಂಟೆ. ಪಹಣಿಯಲ್ಲಿ ಬಿಂದುವಿನ ಬಲಕ್ಕೆ ಬರುವುದು ಗುಂಟೆ, ಕ್ಯಾಲ್ಕುಲೇಟರಿನಲ್ಲಿ ದಶಮಾಂಶ. ಪದಚರ್ಚೆಯಿಂದ ಅದು ಸರಿಹೋಗುವಂಥದ್ದಲ್ಲ ಬಿಡಿ.

ಆದರೆ ನಿಮ್ಮ ಎರಡೂವರೆ ಈ ಚರ್ಚೆಗೆ ಹೊರಗಿನದಲ್ಲ. ಮೇಡಂ ಬರೆದ ಭಿನ್ನವನ್ನು ಎರಡನೆಯ ಭಾಗಲಬ್ಧಕ್ಕೇ ಕತ್ತರಿಸಿದರೆ 2 + 1/2, ಅಂದರೆ 5/2. ನಿಮ್ಮ ತಂದೆಯವರ ಲೆಕ್ಕ ಅದೇ. ಇನ್ನೊಂದು ಮೆಟ್ಟಿಲು ಇಳಿದು 8ನ್ನೂ ಸೇರಿಸಿಕೊಳ್ಳೋಣ. ಇದಕ್ಕೆ ಕೆಳಗಿನಿಂದ ಮತ್ತೆ ಕೂಡುತ್ತಾ ಬರಬೇಕಿಲ್ಲ. ಹಿಂದಿನ ಎರಡು ಭಿನ್ನಗಳು 2/1 ಮತ್ತು 5/2. ಹೊಸ ಭಾಗಲಬ್ಧದಿಂದ ಕೊನೆಯದನ್ನು ಗುಣಿಸಿ, ಅದರ ಹಿಂದಿನದನ್ನು ಕೂಡಿ: ಮೇಲೆ 8 × 5 + 2 = 42, ಕೆಳಗೆ 8 × 2 + 1 = 17. ಹದಿನೇಳು ಹೆಕ್ಟೇರಿಗೆ ನಲವತ್ತೆರಡು ಎಕರೆ. ಎರಡೂವರೆಯ ಲೆಕ್ಕದಲ್ಲಿ ಪ್ರತಿ ಹೆಕ್ಟೇರಿಗೆ ಒಂದು ಗುಂಟೆಗೂ ಮೇಲೆ ಹೆಚ್ಚಾಗಿ ತೋರುತ್ತದೆ. 42/17ರಲ್ಲಿ ಹದಿನೇಳು ಹೆಕ್ಟೇರ್ ಪೂರ್ತಿಗೂ ಆಗುವ ವ್ಯತ್ಯಾಸ ಗುಂಟೆಯ ಮೂರನೆಯ ಒಂದು ಪಾಲು ಮಾತ್ರ.

ಇನ್ನು ಹೆಸರಿನ ವಿಷಯ. ಮಹಾವೀರಾಚಾರ್ಯರು 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ಬರೆದರು. ಅದರಲ್ಲಿ 'ವಲ್ಲಿಕಾ ಕುಟ್ಟೀಕಾರ' ಎಂಬ ಕ್ರಮವಿದೆ. ಪರಸ್ಪರ ಭಾಗಿಸುತ್ತಾ ಬಂದ ಲಬ್ಧಗಳನ್ನು ಒಂದರ ಕೆಳಗೊಂದು ಬರೆದಾಗ ಆಗುವ ಸಾಲೇ ವಲ್ಲಿಕಾ, ಬಳ್ಳಿ. ನಮ್ಮ 2, 2, 8, 9, 26 ಅಂಥದೇ ಬಳ್ಳಿ. 'ಬಳ್ಳಿಭಿನ್ನ' ಎಂದರೆ ಕಿವಿಗೂ ಹಿತ, ಮುಗಿಯುತ್ತದೋ ಇಲ್ಲವೋ ಎಂಬ ತಕರಾರೂ ಇಲ್ಲ. ಒಂದು ಮಾತು ಮಾತ್ರ ಸೇರಿಸಬೇಕು: ಅವರು ಈ ಸಾಲನ್ನು ಬಳಸಿದ್ದು ಪೂರ್ಣಾಂಕದ ಉತ್ತರ ಬೇಕಾದ ಸಮೀಕರಣಗಳಿಗೆ. ಭಿನ್ನದೊಳಗೆ ಭಿನ್ನವಾಗಿ ಬರೆಯಲಿಲ್ಲ. ಹೆಸರನ್ನು ಎರವಲು ತರುತ್ತಿದ್ದೇವೆ ಎಂಬುದು ನೆನಪಿರಲಿ.

ಎಂಜಿನಿಯರ್, ಮೈಸೂರು

ಸರ್, 'ಬಳ್ಳಿಭಿನ್ನ' ಚೆನ್ನಾಗಿದೆ, ಆದರೆ ಪಾಠಪುಸ್ತಕಕ್ಕೆ ಸ್ವಲ್ಪ ಕವಿತೆ ಅನ್ನಿಸುತ್ತದೆ. ಜರ್ಮನ್ನರು ಇದನ್ನು ಸರಪಳಿಯ ಭಿನ್ನ ಎನ್ನುತ್ತಾರೆ. 'ಸರಪಳಿ ಭಿನ್ನ' ಇರಲಿ. ಕೊಂಡಿಗೆ ಕೊಂಡಿ, ಕೊನೆಯೂ ಇರಬಹುದು. ಮತ್ತೆ ಸರ್, 42/17ಕ್ಕೆ ಯಾಕೆ ನಿಲ್ಲಬೇಕು? ಮುಂದಿನ ಕೊಂಡಿ 9 ಸೇರಿಸಿದರೆ 383/155. ಕೆಳಗಿಳಿದಷ್ಟೂ ನಿಖರತೆ ಹೆಚ್ಚು, ಇದು ಪ್ರಮೇಯವೇ ಅಲ್ವಾ?

ನಿವೃತ್ತ ಗಣಿತ ಪ್ರಾಧ್ಯಾಪಕರು, ಮೈಸೂರು

ಪ್ರಮೇಯ ಸರಿ. ಆದರೆ ಅದು ಹೇಳುವುದು 10000/4047ಕ್ಕೆ ಹತ್ತಿರವಾಗುವುದನ್ನು, ನಿಜವಾದ ಎಕರೆಗೆ ಹತ್ತಿರವಾಗುವುದನ್ನಲ್ಲ. 4047 ಎಂಬುದೇ ಸರಿಸುಮಾರಿನ ಅಂಕಿ, ಎಕರೆ 4046.8564224 ಚದರ ಮೀಟರ್. ಹಾಗಾಗಿ ಆ 9 ಎಷ್ಟು ನಂಬಿಕಸ್ಥ ಎಂದು ಪರೀಕ್ಷಿಸಬೇಕು. ನಿಜವಾದ ಬೆಲೆ 4046 ಮತ್ತು 4047ರ ನಡುವೆ ಇದೆಯಲ್ಲ, 4046ಕ್ಕೂ ಅದೇ ಭಾಗಾಕಾರ ಮಾಡಿ ನೋಡಿ. ಭಾಗಲಬ್ಧಗಳು 2, 2, 8, ಆಮೇಲೆ 3. ಆ ಕಡೆ 9, ಈ ಕಡೆ 3. ಎರಡಕ್ಕೂ ಒಂದೇ ಆಗಿರುವ 2, 2, 8 ನಡುವಿನ ಎಲ್ಲ ಸಂಖ್ಯೆಗಳಿಗೂ ಒಂದೇ, ಅಲ್ಲಿಯವರೆಗೆ ನೆಲ ಗಟ್ಟಿ. ಅಲ್ಲಿಂದಾಚೆಗೆ ಬರುವುದು ಎಕರೆಯ ಗುಣವಲ್ಲ, ಅಂಕಿ ಕತ್ತರಿಸಿದ ಕೈಯ ಗುಣ.

ದಶಮಾಂಶ ಹೋಗುವಂತೆ ಎರಡನ್ನೂ ಹಿಗ್ಗಿಸಿ, 100000000000ವನ್ನು 40468564224ರಿಂದ ಭಾಗಿಸುತ್ತಾ ಹೋದರೆ ನಾಲ್ಕನೆಯದು 7. ಆಗ ಸಿಗುವ ಭಿನ್ನ 299/121. ನಿಮ್ಮ 383/155ಕ್ಕಿಂತ ಅಂಕಿ ಸಣ್ಣದು, ನಿಜದ ಬೆಲೆಗೆ ನಾಲ್ಕು ಪಟ್ಟು ಹತ್ತಿರ. ಅಂದಹಾಗೆ, ಎರಡೂ ಸಂಖ್ಯೆಗಳನ್ನು ಒಂದೇ ಸಂಖ್ಯೆಯಿಂದ ಗುಣಿಸುವುದರಿಂದ ಏನೂ ಕೆಡುವುದಿಲ್ಲ. 20000 ಮತ್ತು 8094 ತೆಗೆದುಕೊಂಡರೆ ಶೇಷಗಳೆಲ್ಲ ಇಮ್ಮಡಿಯಾಗಿ ಕೊನೆಗೆ ಮ.ಸಾ.ಅ. 2 ಬರುತ್ತದೆ, ಬಳ್ಳಿ ಮಾತ್ರ ಅದೇ.

ಕನ್ನಡ ಎಂ.ಎ. ವಿದ್ಯಾರ್ಥಿನಿ, ಮೈಸೂರು

'ಕುಟ್ಟೀಕಾರ'ದ ಕುಟ್ಟು ನಮ್ಮದೇ ಅಲ್ವಾ ಸರ್, ಒನಕೆಯಲ್ಲಿ ಕುಟ್ಟುವುದು? ದೊಡ್ಡ ಸಂಖ್ಯೆಯನ್ನು ಕುಟ್ಟಿ ಕುಟ್ಟಿ ಪುಡಿ ಮಾಡಿದಂತೆ. ಹಾಗಾದರೆ 'ಕುಟ್ಟುಭಿನ್ನ' ಯಾಕಾಗಬಾರದು?

ನಿವೃತ್ತ ಗಣಿತ ಪ್ರಾಧ್ಯಾಪಕರು, ಮೈಸೂರು

ಸಂಸ್ಕೃತದಲ್ಲೂ ಕುಟ್ಟ್ ಧಾತು ಉಂಟಮ್ಮ, ಅರ್ಥವೂ ಅದೇ. ಯಾರು ಯಾರಿಂದ ತಂದರು ಎಂಬುದನ್ನು ಭಾಷಾವಿಜ್ಞಾನಿಗಳು ನೋಡಿಕೊಳ್ಳಲಿ. ಕುಟ್ಟುವುದು ಮಾಡುವ ಕ್ರಮದ ಹೆಸರು. ಇಲ್ಲಿ ಬೇಕಿರುವುದು ಕ್ರಮದಿಂದ ಬಂದ ಫಲಕ್ಕೆ ಹೆಸರು.

ಗಣಿತ ಶಿಕ್ಷಕಿ, ಮಂಡ್ಯ

4046ರ ಲೆಕ್ಕವನ್ನು ಇವತ್ತು ಮಕ್ಕಳಿಂದಲೇ ಮಾಡಿಸಿದೆ ಸರ್. 8ರವರೆಗೆ ಎರಡೂ ಸಾಲು ಜೊತೆಯಾಗಿ ಬಂದು, ಆಮೇಲೆ ಒಂದರಲ್ಲಿ 3, ಇನ್ನೊಂದರಲ್ಲಿ 9 ಬಂದಾಗ ಗಲಾಟೆಯೋ ಗಲಾಟೆ. ಹೆಸರು ಅವರ ಕೈಗೇ ಬಿಟ್ಟೆ. ಬಳ್ಳಿಗೆ ಹೆಚ್ಚು ಕೈ ಎದ್ದವು, ಆದರೆ ಆ ಮೊದಲಿನ ಹುಡುಗ ಸರಪಳಿಯ ಕಡೆ. ಬಳ್ಳಿ ಬೆಳೀತಾನೇ ಇರುತ್ತಂತೆ, ಸರಪಳಿಗಾದರೆ ಕೊನೆ ಕೊಂಡಿ ಇರುತ್ತಂತೆ. 2ರ ವರ್ಗಮೂಲದಂಥವುಗಳಲ್ಲಿ ಕೊನೆಯೇ ಬರುವುದಿಲ್ಲ ಎಂದು ಅವನಿಗೆ ಇನ್ನೂ ಹೇಳಿಲ್ಲ.

5/2, 42/17, 299/121 ಇವುಗಳಿಗೆ ಇನ್ನೂ ಯಾರೂ ಹೆಸರು ಕೊಡಲಿಲ್ಲ. ಸದ್ಯಕ್ಕೆ 'ನಿಲುಭಿನ್ನ' ಎಂದು ಬರೆದುಕೊಂಡಿದ್ದೇನೆ. ನಿಂತಲ್ಲಿ ಸಿಗುವ ಭಿನ್ನ ಎಂಬ ಅರ್ಥದಲ್ಲಿ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.