ಆಂಟಿ ಟೆನ್ ಎ ಪರೀಕ್ಷೆಯನ್ನು ಕನ್ನಡದಲ್ಲಿ ಏನೆನ್ನಬೇಕು?

ಕಾಸರಗೋಡಿನಿಂದ:
ನಾನು ಲ್ಯಾಬ್ ಟೆಕ್ನೀಷಿಯನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಡ್ರಿಪ್‌ನಲ್ಲಿರುವ ರೋಗಿಗಳ ಮನೆಯವರಿಗಾಗಿ ಕನ್ನಡದಲ್ಲಿ ಮಾಹಿತಿ ಹಾಳೆ ಬರೆಯುತ್ತಿದ್ದೇನೆ. ಈಗ ಮಲಯಾಳದ್ದು ಮಾತ್ರ ಇದೆ. ಎಪಿಟಿಟಿಗೆ ‘ರಕ್ತ ಹೆಪ್ಪುಗಟ್ಟುವ ಸಮಯ’ ಸರಿಹೊಂದುತ್ತದೆ. ಆಂಟಿ ಟೆನ್ ಎ ಪರೀಕ್ಷೆಗೂ ಅದನ್ನೇ ಹೇಳಿದಾಗ ಒಬ್ಬ ರೋಗಿಯ ಮನೆಯವರು 0.55 ಎಂಬುದನ್ನು ಸೆಕೆಂಡ್ ಎಂದು ತಿಳಿದು ಗಾಬರಿಯಾದರು. ಆ ರೋಗಿಯ ಎಪಿಟಿಟಿ 48 ಸೆಕೆಂಡ್, ನಮ್ಮ ಲ್ಯಾಬಿನ ಗುರಿ 60ರಿಂದ 85. ಆದರೆ ಆಂಟಿ ಟೆನ್ ಎ ಮಿಲಿಲೀಟರಿಗೆ 0.55 ಯೂನಿಟ್; 0.3ರಿಂದ 0.7ರ ಗುರಿಯೊಳಗೇ ಇದೆ. ಇದನ್ನು ‘ಹೆಪಾರಿನ್ ಪ್ರಮಾಣ’ ಎನ್ನಬಹುದೇ?

ಮಂಜೇಶ್ವರದಿಂದ:
ಧಾರಾಳವಾಗಿ ಎನ್ನಬಹುದು. ಅದು ಔಷಧವನ್ನೇ ಅಳೆಯುತ್ತದೆ, ತಪ್ಪುವುದಿಲ್ಲ. ಎಪಿಟಿಟಿಯನ್ನು ಹಾಳೆಯಿಂದಲೇ ತೆಗೆದುಬಿಡಿ.

ಬದಿಯಡ್ಕದಿಂದ:
ನಮ್ಮ ತಂದೆಯವರಿಗೆ ತಿಂಗಳಿಗೊಮ್ಮೆ ಐಎನ್‌ಆರ್ ನೋಡಿಸುತ್ತೇವೆ, 2.5 ಬಂದರೆ ವೈದ್ಯರಿಗೆ ಸಮಾಧಾನ. ನೀವು ಕೇಳುವುದೂ ಅದೇ ತಾನೆ? ‘ರಕ್ತ ತೆಳುವಾಗಿರುವ ಪರೀಕ್ಷೆ’ ಎನ್ನಿ, ಎಲ್ಲರಿಗೂ ತಿಳಿಯುತ್ತದೆ.

ಪೆರ್ಲದಿಂದ:
ಬದಿಯಡ್ಕದವರೇ, ಐಎನ್‌ಆರ್ ನೋಡುವುದು ವಾರ್ಫರಿನ್ ಮಾತ್ರೆಗೆ, ಇದು ಬೇರೆ. ಮಂಜೇಶ್ವರದವರ ಮಾತಿನಲ್ಲಿ ಅರ್ಧ ನಿಜವಿದೆ. ಲ್ಯಾಬಿನಲ್ಲಿದ್ದಾಗ ನಾನೂ ಈ ಪರೀಕ್ಷೆ ಮಾಡುತ್ತಿದ್ದೆ. ರೋಗಿಯ ಪ್ಲಾಸ್ಮಾಕ್ಕೆ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಟೆನ್ ಎ ಎಂಬ ಪ್ರೋಟೀನನ್ನು ಗೊತ್ತಾದಷ್ಟು ಬೆರೆಸುತ್ತೇವೆ. ಹೆಪಾರಿನ್ ರಕ್ತದಲ್ಲಿರುವ ಆಂಟಿಥ್ರಾಂಬಿನ್ ಜೊತೆಗೂಡಿ ಅದರಲ್ಲಿ ಒಂದಷ್ಟನ್ನು ಅಡಗಿಸುತ್ತದೆ. ಉಳಿದದ್ದು ನಾವು ಸೇರಿಸುವ ರಾಸಾಯನಿಕದಿಂದ ಹಳದಿ ಬಣ್ಣ ಬಿಡಿಸುತ್ತದೆ. ಹಳದಿ ಕಡಿಮೆಯಾದಷ್ಟೂ ಹೆಪಾರಿನ್ ಹೆಚ್ಚು. ಅಂದರೆ ಕಾಣುವುದು ಔಷಧದ ತೂಕವಲ್ಲ, ಅದರ ತಡೆಯುವ ಬಲ. ರೋಗಿ ಮೊನ್ನೆವರೆಗೆ ರಿವರಾಕ್ಸಬಾನ್ ಮಾತ್ರೆ ನುಂಗಿದ್ದರೆ ಅದೂ ಟೆನ್ ಎ ತಡೆದು ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ. ಕಾಮಾಲೆಯ ಪ್ಲಾಸ್ಮಾ ಮೊದಲೇ ಹಳದಿ, ಅಲ್ಲಿ ಅಂಕಿ ಸುಳ್ಳಾಗಿ ಇಳಿಯಬಹುದು. ಆದ್ದರಿಂದ ‘ಪ್ರಮಾಣ’ ನನಗೆ ಒಪ್ಪಿಗೆಯಿಲ್ಲ. ‘ಟೆನ್ ಎ ತಡೆ ಮಟ್ಟ’ ಎನ್ನಿ.

ನಿಮ್ಮ ರೋಗಿಗೆ ತೀವ್ರ ಸೋಂಕಿತ್ತೇ? ಉರಿಯೂತದಲ್ಲಿ ಹೆಪ್ಪುಗಟ್ಟಿಸುವ ಇನ್ನೊಂದು ಪ್ರೋಟೀನಾದ ಫ್ಯಾಕ್ಟರ್ ಎಂಟು ಏರುತ್ತದೆ. ಹೆಪಾರಿನ್ ಸಾಕಷ್ಟಿದ್ದರೂ ಎಪಿಟಿಟಿ ಗಿಡ್ಡವಾಗುತ್ತದೆ. 48 ನೋಡಿ ಡೋಸ್ ಏರಿಸಿದರೆ ರಕ್ತಸ್ರಾವದ ಭಯ. ಎರಡೂ ಕಡಿಮೆ ಬಂದಿದ್ದರೆ ಮಾತ್ರ ನಾನು ಟ್ಯೂಬನ್ನು ಅನುಮಾನಿಸುತ್ತಿದ್ದೆ: ಸಿಟ್ರೇಟ್ ಟ್ಯೂಬನ್ನು ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡದೆ ಮಂಗಳೂರಿಗೆ ಕಳುಹಿಸಿದರೆ, ಪ್ಲೇಟ್‌ಲೆಟ್‌ಗಳಿಂದ ಹೊರಬರುವ ಪ್ರೋಟೀನು ದಾರಿಯಲ್ಲೇ ಹೆಪಾರಿನನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ.

ಕಾಸರಗೋಡಿನಿಂದ:
ನ್ಯುಮೋನಿಯಾ ಇತ್ತು, ಉರಿಯೂತ ತೋರಿಸುವ ಸಿಆರ್‌ಪಿ ತುಂಬಾ ಏರಿತ್ತು. ಪ್ಲಾಸ್ಮಾವನ್ನು ಇಲ್ಲೇ ಬೇರ್ಪಡಿಸಿದ್ದೆವು. ಫ್ಯಾಕ್ಟರ್ ಎಂಟನ್ನು ಅಳೆಯುವ ಅನುಕೂಲ ನಮ್ಮಲ್ಲಿಲ್ಲ. ವೈದ್ಯರು ಡೋಸ್ ಏರಿಸಲಿಲ್ಲ. ‘ತಡೆ’ ಪದ ಹಿಡಿಸಿತು, ಆದರೆ ಮನೆಯವರು ‘ಏನನ್ನು ತಡೆಯುತ್ತದೆ’ ಎಂದು ಕೇಳಿಯೇ ಕೇಳುತ್ತಾರೆ.

ಮಂಜೇಶ್ವರದಿಂದ:
‘ಮಟ್ಟ’ ಎಂದರೂ ಓದುವವರಿಗೆ ಪ್ರಮಾಣವೇ ಅಲ್ಲವೇ? ‘ಹೆಪಾರಿನ್ ಬಲ’ ಎಂದರೆ ಹೇಗೆ?